ನಾಲ್ಕನೇ ದೀಪದ ಬಣ್ಣ

ನಾಲ್ಕನೇ ದೀಪ ಆರಿದಾಗ ಲಿತಿಯಾನಾಳ ಅಂಗೈಮೇಲೆ ಸೂರೆ ಮೀನಿನ, ಅಂದರೆ ಟ್ಯೂನಾದ, ಮಾಂಸದ ಎಳೆ ಇತ್ತು, ಪೆನ್ಸಿಲ್ಲಿನಷ್ಟು ದಪ್ಪದ್ದು. ಅವಳು ತಲೆ ಎತ್ತಲಿಲ್ಲ, ಬೈಯಲಿಲ್ಲ. ಎಳೆಯನ್ನು ಹಾಗೇ ಹಿಡಿದುಕೊಂಡು, ಬೂಟು ಎಳೆಯುತ್ತ ದೋಣಿ ನಿಲ್ಲುವ ಕಟ್ಟೆಯ ಕಡೆಯ ದೊಡ್ಡ ಬಾಗಿಲವರೆಗೂ ನಡೆದು, ಹೊರಗಿನ ಬೆಳಕಿಗೆ ಹಿಡಿದು ನೋಡಿ, ವಾಪಸ್ ಬಂದು ಮೀನಿನ ಬಾಲಕ್ಕೆ ಚೀಟಿ ಕಟ್ಟಿದಳು. ಹೋಗಿ ಬರುವುದಕ್ಕೆ ಎಪ್ಪತ್ತು ಹೆಜ್ಜೆ. ಆ ದಿನ ಅವಳು ಎಷ್ಟು ಸಲ ಹೋಗಿ ಬಂದಳೋ ನಾನು ಎಣಿಸಲಿಲ್ಲ. ಎಣಿಸಿದ್ದರೆ ನನ್ನ ತಲೆ ಇನ್ನೂ ಕಾಯುತ್ತಿತ್ತು.

ನಮ್ಮ ದ್ವೀಪದೇಶದ ರಾಜಧಾನಿ ಸುವಾದ ವಾಲು ಕೊಲ್ಲಿಯಲ್ಲಿ ನಮ್ಮ ಮೀನಿನ ಶೆಡ್ಡು. ಕಿಟಕಿ ಇಲ್ಲ, ಗೋಡೆಯೆಲ್ಲ ಥರ್ಮಕೋಲು ತುಂಬಿದ ತಗಡು. ಹಗಲಿಗೂ ದೀಪ ಬೇಕು. ಛಾವಣಿಯಿಂದ ಎಂಟು ಮೆಟಲ್ ಹ್ಯಾಲೈಡ್ ದೀಪ ತೂಗುತ್ತವೆ, ಒಂದೊಂದೂ ನಾನೂರು ವ್ಯಾಟಿನದು, ಕೆಳಗೆ ಗಾಜಿನ ಮುಚ್ಚಳ ಬಿಗಿದದ್ದು. ನಾಲ್ಕನೆಯದು ಸರಿಯಾಗಿ ಲಿತಿಯಾನಾಳ ಮೇಜಿನ ಮೇಲೆ. ದೋಣಿಯಿಂದ ಇಳಿದ ಪ್ರತಿ ಮೀನಿಗೂ ಅವಳು ಟೊಳ್ಳು ಕಡ್ಡಿ ಚುಚ್ಚಿ ಒಂದೆಳೆ ಮಾಂಸ ತೆಗೆದು, ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ಕೊಬ್ಬು ನೋಡಿ, ಎ ಅಥವಾ ಬಿ ಅಥವಾ ಸಿ ಎಂದು ಚೀಟಿ ಕಟ್ಟುತ್ತಾಳೆ. ಎ ಅಂದರೆ ವಿಮಾನ ಹತ್ತುತ್ತದೆ. ಸಿ ಅಂದರೆ ಡಬ್ಬಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷದಿಂದ ಆ ಸ್ಟೂಲು ಅವಳದ್ದು.

ನಾನು ಶಾಲ್ವಿನ್, ಶೆಡ್ಡಿನ ವೈರ್‌ಮನ್. ಫಾರಂ ನಾಲ್ಕರಲ್ಲಿ, ಅಂದರೆ ಹತ್ತನೇ ತರಗತಿಯಲ್ಲಿ, ಶಾಲೆ ಬಿಟ್ಟವನು. ಬಿಟ್ಟೆ ಅಂತೀನಿ, ಮಾಸ್ತರ ಬೆತ್ತ ಕಿತ್ತುಕೊಂಡು ಮುರಿದು ಅವರ ಕೈಗೇ ಕೊಟ್ಟು ಬಂದೆ. ಶೆಡ್ಡಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲ್ಲ. ರೊಕೆಟೆ ಅಂತಾರೆ, ಅಂದರೆ ಈ ದ್ವೀಪದವರ ಭಾಷೆಯಲ್ಲಿ ಮೆಣಸಿನಕಾಯಿ. ಇಟ್ಟವಳು ಲಿತಿಯಾನಾ.

ಆ ಗುರುವಾರ ನಾನು ಮೆಣಸಿನಕಾಯಿ ಅಲ್ಲ, ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ. ಯಾಕೆಂದರೆ ನಾಲ್ಕನೇ ದೀಪ ಹತ್ತು ದಿನದಿಂದ ನನ್ನ ಮಾನ ಕಳೆಯುತ್ತಿತ್ತು. ಹತ್ತಿಕೊಳ್ಳುತ್ತದೆ, ಐದು ನಿಮಿಷದಲ್ಲಿ ಪೂರ್ತಿ ಬೆಳಗುತ್ತದೆ, ಇಪ್ಪತ್ತು ನಿಮಿಷ ಚೆನ್ನಾಗಿ ಉರಿಯುತ್ತದೆ, ಆಮೇಲೆ ಯಾರೋ ಊದಿದ ಹಾಗೆ ಪಕ್ಕನೆ ಆರುತ್ತದೆ. ಹತ್ತು ಹನ್ನೆರಡು ನಿಮಿಷ ಕತ್ತಲು. ಮತ್ತೆ ತಾನಾಗಿ ಹತ್ತುತ್ತದೆ. ಮತ್ತೆ ಆರುತ್ತದೆ.

ಬಲ್ಬು ಬದಲಾಯಿಸಿದೆ. ಅದೇ ಆಟ. ಹೊಸ ಬಲ್ಬೇ ಕೆಟ್ಟದ್ದಿರಬಹುದು ಅಂತ ಇನ್ನೊಂದು ಹೊಸದು ಹಾಕಿದೆ. ಅದೇ ಆಟ. ಎರಡೆರಡು ಹೊಸ ಬಲ್ಬು ಒಂದೇ ರೋಗ ಹೊತ್ತು ಬರುವುದಿಲ್ಲ, ಹಾಗಾದರೆ ರೋಗ ಚೋಕಿನದ್ದು ಅಂತ ಚೋಕು ಬದಲಾಯಿಸಿದೆ. ಕೈ ಹಾಕಿದ್ದೇ ಹಾಕಿದ್ದು ಅಂತ ಇಗ್ನೈಟರನ್ನೂ ಬದಲಾಯಿಸಿದೆ. ಪೂರ್ತಿ ಹೊಸ ಸಾಮಾನು ಹಾಕಿಕೊಂಡು ಮದುವಣಗಿತ್ತಿಯ ಹಾಗೆ ತೂಗುತ್ತಿದ್ದ ದೀಪ, ಇಪ್ಪತ್ತೆರಡು ನಿಮಿಷಕ್ಕೆ ಮತ್ತೆ ಕಣ್ಣು ಮುಚ್ಚಿತು. ಆ ಹೊತ್ತಿಗೆ ನಾನು ಛಾವಣಿಯ ಕೆಲಸಕ್ಕೆ ಆಳನ್ನು ಮೇಲೆತ್ತುವ ಲಿಫ್ಟಿನ ಮೇಲೇ ಇದ್ದೆ. ಲಿಫ್ಟಿನ ಕಂಬಿಗೆ ಒದ್ದೆ. ಕಂಬಿಗೆ ಏನೂ ಆಗಲಿಲ್ಲ.

ಇದು ನನ್ನ ಮಾನದ ಮಾತಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ನಮ್ಮ ಮ್ಯಾನೇಜರು ಮುನ್ಸಾಮಿ ಮಾಮ ಬುಧವಾರವೇ ಲಿತಿಯಾನಾಳನ್ನು ಆಫೀಸಿಗೆ ಕರೆದಿದ್ದರು. ಎರಡು ತಿಂಗಳಿಂದ ಅವಳ ಚೀಟಿಗಳು ದಾರಿ ತಪ್ಪಿದ್ದವಂತೆ. ಅವಳು ಬಿ ಕಟ್ಟಿದ ಮೀನು ಪೇಟೆಯಲ್ಲಿ ಕೊಯ್ದಾಗ ಕೆಂಡದ ಹಾಗೆ ಕೆಂಪಗಿತ್ತಂತೆ. ದೋಣಿಯವರು ನಮ್ಮ ಎ ಮೀನನ್ನು ನಿಮ್ಮ ಮುದುಕಿ ಬಿ ಮಾಡುತ್ತಾಳೆ ಅಂತ ಗಲಾಟೆ ಮಾಡಿದ್ದರು. ಮೇಲಾಗಿ ಇವಳು ಎಳೆ ಹಿಡಿದುಕೊಂಡು ಬಾಗಿಲಿಗೆ ಓಡಾಡುವುದನ್ನು ಎಲ್ಲರೂ ನೋಡಿದ್ದಾರೆ. ಕಣ್ಣು ಮಂದವಾಗಿದೆ ಅಂತ ಮಾಮ ತೀರ್ಮಾನಕ್ಕೆ ಬಂದಿದ್ದರು. ಶುಕ್ರವಾರ ದೊಡ್ಡ ದೋಣಿ ಬರುತ್ತದೆ. ಅದರಲ್ಲೂ ಹೀಗೇ ಆದರೆ ಸೋಮವಾರದಿಂದ ಅವಳು ಪೆಟ್ಟಿಗೆ ಕಟ್ಟುವ ಕಡೆಗೆ, ಪಕ್ಕದ ಊರು ಲಾಮಿಯಿಂದ ಹೊಸ ಹುಡುಗಿಯೊಬ್ಬಳು ಮೇಜಿಗೆ.

ಇದನ್ನು ನನಗೆ ಹೇಳಿದವನು ಆಪಿಸಾಯಿ. ತಣ್ಣನೆ ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುವವನು, ಆಳು ಎಮ್ಮೆಯಂಥವನು. ಅವನ ದ್ವೀಪಕ್ಕೂ ಲಿತಿಯಾನಾಳ ದ್ವೀಪಕ್ಕೂ ಹಿಂದಿನಿಂದ ತಮಾಷೆಯ ನೆಂಟಸ್ತಿಕೆ. ಒಬ್ಬರನ್ನೊಬ್ಬರು ಎಷ್ಟು ಬೈದರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಅವಳು ಅವನನ್ನು ಕೊಬ್ಬಿದ ಹಂದಿ ಅನ್ನುತ್ತಾಳೆ, ಅವನು ಅವಳ ಊಟದ ಡಬ್ಬಿಯಿಂದ ಗೆಣಸು ಕದಿಯುತ್ತಾನೆ. ಬುಧವಾರದಿಂದ ಅವನು ಕದ್ದಿರಲಿಲ್ಲ. ಅಷ್ಟರಲ್ಲೇ ವಿಷಯ ದೊಡ್ಡದು ಅಂತ ನನಗೆ ಗೊತ್ತಾಯಿತು.

ಗುರುವಾರ ಮಧ್ಯಾಹ್ನ ಮಾಮ ಮೇಜಿನ ಹತ್ತಿರವೇ ಬಂದು ನಿಂತರು. ಊರಿನಿಂದ ಕಂಟ್ರಾಕ್ಟರನ್ನು ಕರೆಸುತ್ತೇನೆ, ಓದಿದವರು ಬಂದು ನೋಡಲಿ ಅಂದರು. ಓದಿದವರು ಅನ್ನುವ ಮಾತನ್ನು ನನ್ನ ಕಡೆ ನೋಡಿಯೇ ಅಂದರು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟೆ. ಇಟ್ಟೆ ಅಂತ ನಾನು ಹೇಳುತ್ತೇನೆ, ಎಸೆದೆ ಅಂತ ಆಪಿಸಾಯಿ ಹೇಳುತ್ತಾನೆ.

ಮಾಮ ಹೋದಮೇಲೆ ಲಿತಿಯಾನಾ ಸ್ಕ್ರೂಡ್ರೈವರನ್ನು ಎತ್ತಿ ಒರೆಸಿ ನನ್ನ ಕೈಗೆ ಕೊಟ್ಟಳು.

"ರೊಕೆಟೆ, ಒಂದು ಮಾತು ಹೇಳ್ಲಾ? ಬೈಬೇಡ."

"ಹೇಳು ಅಕ್ಕ."

"ನೀನು ಹೊಸದು ಅಂತ ಹಾಕಿದ್ದೀಯಲ್ಲ, ಅದು ಹೊಸದರ ಹಾಗಿಲ್ಲ. ಹಳೇದು ಸಾಯೋಕೆ ಮುಂಚೆ ಯಾವ ಬಣ್ಣಕ್ಕೆ ತಿರುಗಿತ್ತೋ ಇದೂ ಅದೇ ಬಣ್ಣ. ಪಾಚಿ ನೀರಿನ ಬಣ್ಣ. ಅದರಡಿ ಒಳ್ಳೇ ಮೀನೂ ಸತ್ತು ಮೂರು ದಿನ ಆದ ಹಾಗೆ ಕಾಣುತ್ತೆ. ಅದಕ್ಕೇ ನಾನು ಬಾಗಿಲಿಗೆ ಹೋಗೋದು."

ನಾನು ಬೈದೆ. ಅಂಗಡಿಯಿಂದ ಬಂದ ಡಬ್ಬದಿಂದ ನನ್ನ ಕೈಯಾರೆ ತೆಗೆದು ಹಾಕಿದ ಬಲ್ಬು ಅದು, ಹಳೆಯದು ಹೇಗಾಗುತ್ತೆ, ಮಾಮ ಹೇಳೋದು ಸರಿ, ನಿನಗೆ ಕಣ್ಣಿನ ಡಾಕ್ಟರು ಬೇಕು ಅಂದುಬಿಟ್ಟೆ. ಅವಳು ಗಮ್‌ಬೂಟಿನ ತುದಿಯಿಂದ ನೆಲದ ಐಸಿನ ಚೂರನ್ನು ಚರಂಡಿಗೆ ತಳ್ಳಿದಳು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಒಂದು ರೊಟ್ಟಿ ತಿನ್ನುವಷ್ಟರಲ್ಲಿ ನನಗೆ ನನ್ನ ಬಾಯಿಯ ಮೇಲೆ ಅಸಹ್ಯ ಬಂತು. ರೊಟ್ಟಿ ಒಳಗಿನ ಆಲೂಗಡ್ಡೆ ಪಲ್ಯವೂ ರುಚಿಸಲಿಲ್ಲ.

ಅಲ್ಲೇ ಕೂತು ಮೊದಲಿಂದ ಯೋಚಿಸಿದೆ. ಕೆಲಸ ಕಲಿಸಿದ ಮುದುಕ ಗುಲಾಂ ಮಿಸ್ತ್ರಿ ಹೇಳುತ್ತಿದ್ದ, ಸಾಮಾನು ಬದಲಾಯಿಸೋದು ಅಂಗಡಿಯವನ ಕೆಲಸ, ಕಾರಣ ಕೇಳೋದು ನಮ್ಮ ಕೆಲಸ ಅಂತ. ನಾನು ಹತ್ತು ದಿನದಿಂದ ಅಂಗಡಿಯವನ ಕೆಲಸ ಮಾಡಿದ್ದೆ. ದೀಪವನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇಗ್ನೈಟರಿನ ಕೆಲಸ ಒಂದೇ. ಸಾವಿರಾರು ವೋಲ್ಟಿನ ಪೆಟ್ಟು ಕೊಟ್ಟು ಬಲ್ಬಿನೊಳಗೆ ಕಿಡಿ ಹಚ್ಚುವುದು. ಹತ್ತಿದಮೇಲೆ ಅದು ಸುಮ್ಮನೆ ಮಲಗುತ್ತದೆ. ಇಗ್ನೈಟರು ಸತ್ತಿದ್ದರೆ ದೀಪ ಹತ್ತುವುದೇ ಇಲ್ಲ, ಹತ್ತಿ ಆರುವ ಪ್ರಶ್ನೆಯೇ ಇಲ್ಲ. ನಮ್ಮದು ದಿನಕ್ಕೆ ಹದಿನೈದು ಸಲ ಹತ್ತುತ್ತಿದೆ. ಅಂದರೆ ಹಳೇ ಇಗ್ನೈಟರೂ ಚೆನ್ನಾಗೇ ಇತ್ತು. ಸುಮ್ಮನೆ ಕಿತ್ತೆ.

ಇನ್ನು ಚೋಕು. ಕರೆಂಟನ್ನು ಹಿಡಿತದಲ್ಲಿ ಇಡುವುದು ಅದು. ನಮ್ಮ ಚೋಕಿನೊಳಗೆ ಒಂದು ಕಾವಿನ ಸ್ವಿಚ್ಚಿದೆ. ಜಾಸ್ತಿ ಬಿಸಿಯಾದರೆ ಕಡಿದುಕೊಳ್ಳುತ್ತದೆ, ತಣ್ಣಗಾದರೆ ಸೇರಿಕೊಳ್ಳುತ್ತದೆ. ಅದರಿಂದಲೂ ದೀಪ ಇದೇ ಥರ ಹತ್ತಿ ಆರಿ ಮಾಡಬಹುದು. ಹೊಸ ಚೋಕಿಗೂ ಹೀಗಾಗುವುದು ಕಷ್ಟ, ಆದರೆ ಆಗಲ್ಲ ಅಂತ ಹೇಳುವ ಹಾಗಿಲ್ಲ.

ಮೂರನೆಯದು ಬಲ್ಬೇ. ಮುದಿಯಾದ ಬಲ್ಬಿನ ಒಳಗಿನ ಉಪ್ಪುಗಳು ಕರಗಿ ಹೋಗುತ್ತ ಹೋದ ಹಾಗೆ ಅದು ಕೇಳುವ ವೋಲ್ಟು ಏರುತ್ತದೆ. ಬಿಸಿಯಾದಷ್ಟೂ ಇನ್ನೂ ಏರುತ್ತದೆ. ಒಂದು ಹಂತದಲ್ಲಿ ಚೋಕು ನನ್ನಿಂದ ಆಗಲ್ಲ ಅಂತ ಕೈ ಬಿಡುತ್ತದೆ, ಕಿಡಿ ಆರುತ್ತದೆ. ಬಿಸಿ ಬಲ್ಬು ಕೂಡಲೇ ಹತ್ತುವುದಿಲ್ಲ. ತಣ್ಣಗಾಗುವವರೆಗೂ ಇಗ್ನೈಟರು ಬಡಿಯುತ್ತಲೇ ಇರಬೇಕು. ಆಮೇಲೆ ಹತ್ತುತ್ತದೆ, ಬಿಸಿಯಾಗುತ್ತದೆ, ಮತ್ತೆ ಆರುತ್ತದೆ.

ರೊಟ್ಟಿ ಕೈಯಲ್ಲೇ ಉಳಿಯಿತು. ಬಡಿಯುತ್ತಲೇ ಇರಬೇಕು. ಅದು ಕಿವಿಗೆ ಕೇಳುವ ಸಂಗತಿ. ಚೋಕಿನ ಸ್ವಿಚ್ಚು ಕಡಿದುಕೊಂಡಿದ್ದರೆ ಇಗ್ನೈಟರಿಗೂ ಕರೆಂಟಿಲ್ಲ, ಕತ್ತಲಲ್ಲಿ ಎಲ್ಲ ಮೌನ. ಬಲ್ಬು ತಾನೇ ಆರಿದ್ದರೆ ಕತ್ತಲಲ್ಲೂ ಇಗ್ನೈಟರು ಚಿಟಿಗುಟ್ಟುತ್ತದೆ. ಆದರೆ ಶೆಡ್ಡಿನೊಳಗೆ ತಣ್ಣನೆ ಗಾಳಿ ಊದುವ ಫ್ಯಾನುಗಳ ಅಬ್ಬರದಲ್ಲಿ ನಮ್ಮ ಮಾತೇ ನಮಗೆ ಕೇಳುವುದಿಲ್ಲ. ಅದಕ್ಕೇ ನಾನು ಹತ್ತು ದಿನ ಕಿವುಡ.

ಆಪಿಸಾಯಿಯ ಹತ್ತಿರ ಹೋದೆ. ಮಂಜು ಕರಗಿಸಲು ಅವನು ದಿನಕ್ಕೆ ನಾಲ್ಕು ಸಲ ಫ್ಯಾನು ನಿಲ್ಲಿಸುತ್ತಾನೆ, ಇಪ್ಪತ್ತಿಪ್ಪತ್ತು ನಿಮಿಷ. ಮುಂದಿನ ಸಲ ದೀಪ ಆರಿದಾಗಲೇ ನಿಲ್ಲಿಸು ಅಂತ ಕೇಳಿದೆ. ಯಾಕೆ ಅಂದ. ದೀಪದ ಎದೆಬಡಿತ ಕೇಳಬೇಕು ಅಂದೆ. ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಎರಡೂವರೆ ಹೊತ್ತಿಗೆ ದೀಪ ಆರಿತು. ಆಪಿಸಾಯಿ ಫ್ಯಾನು ನಿಲ್ಲಿಸಿದ. ಅಷ್ಟು ದೊಡ್ಡ ಸದ್ದು ಒಮ್ಮೆಲೇ ನಿಂತಾಗ ಕಿವಿ ಗುಂಯ್ ಅನ್ನುತ್ತದೆ. ಐಸು ತೊಟ್ಟಿಕ್ಕುವುದು ಕೇಳಿತು. ನಾನು ಲಿಫ್ಟನ್ನು ಏರಿಸಿಕೊಂಡು ಹೋಗಿ, ಒಣಗಿದ ಪೊರಕೆಯ ಮರದ ಕೋಲಿನ ಒಂದು ತುದಿಯನ್ನು ದೀಪದ ಮೇಲಿನ ಚೋಕಿನ ಪೆಟ್ಟಿಗೆಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿದೆ. ಇದು ಎಂಜಿನು ನೋಡುವವರ ವಿದ್ಯೆ, ದೋಣಿಯವರನ್ನು ನೋಡಿ ಕಲಿತದ್ದು. ಕೆಳಗೆ ಮೀನು ತೊಳೆಯುವ ಹೆಂಗಸರು ನಗುತ್ತಿದ್ದರು. ಲಿತಿಯಾನಾ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿದಳು. ನಾನು ಬೈದಿದ್ದವಳೇ.

ಚಿಟಿಚಿಟಿಚಿಟಿ. ಬಿಸಿ ಕಾವಲಿಯ ಮೇಲೆ ಸಾಸಿವೆ ಬಿದ್ದ ಹಾಗೆ. ನಿಲ್ಲದೆ. ಚೋಕಿನವರೆಗೆ ಕರೆಂಟು ಇದೆ, ಚೋಕು ದಾಟಿ ಇಗ್ನೈಟರಿಗೂ ಇದೆ, ಇಗ್ನೈಟರು ಬಡಿಯುತ್ತಿದೆ, ಬಲ್ಬು ಮಾತ್ರ ಬಾಗಿಲು ತೆಗೆಯುತ್ತಿಲ್ಲ. ಹನ್ನೊಂದನೇ ನಿಮಿಷಕ್ಕೆ ತೆಗೆಯಿತು. ಹತ್ತಿತು. ಚಿಟಿಗುಟ್ಟುವುದು ನಿಂತಿತು.

ಕೆಳಗಿಳಿದು ಪೂರೈಕೆಯ ವೋಲ್ಟು ನೋಡಿದೆ. ಇನ್ನೂರ ಮೂವತ್ತೆಂಟು, ಅಲ್ಲಾಡುತ್ತಿಲ್ಲ. ಕರೆಂಟು ಕಡಿಮೆಯಾಗಿ ಕಿಡಿ ಆರಿತು ಅನ್ನುವ ಹಾಗಿಲ್ಲ. ಕ್ಲಾಂಪ್ ಮೀಟರನ್ನು ತಂತಿಗೆ ತೊಡಿಸಿ ನಾಲ್ಕನೆಯದರ ಆಂಪಿಯರು ನೋಡಿದೆ, ಪಕ್ಕದ ಐದನೆಯದರದ್ದು ನೋಡಿದೆ. ಚೋಕಿನ ಸುತ್ತುಗಳು ಒಳಗೇ ಬೆಸೆದುಕೊಂಡಿದ್ದರೆ ನಾಲ್ಕನೆಯದು ಹೆಚ್ಚು ಎಳೆಯಬೇಕು. ಒಂದು ಕೂದಲು ಕಡಿಮೆಯೇ ಎಳೆಯುತ್ತಿತ್ತು. ಬಲ್ಬಿನ ಎರಡು ತುದಿಗೆ ಮೀಟರು ಹಚ್ಚಿ ವೋಲ್ಟು ನೋಡುವ ಧೈರ್ಯ ಮಾಡಲಿಲ್ಲ. ಅದು ಯಾವ ಗಳಿಗೆಯಲ್ಲಿ ಆರಿ ಇಗ್ನೈಟರು ಪೆಟ್ಟು ಕೊಡುತ್ತದೋ ಗೊತ್ತಿಲ್ಲ. ಹಾಗೆ ಒಂದು ಮೀಟರನ್ನು ಹೋದ ವರ್ಷವೇ ಸುಟ್ಟು ಮಾಮನ ಹತ್ತಿರ ಬೈಸಿಕೊಂಡಿದ್ದೆ.

ಬೇಕಾಗಿಯೂ ಇರಲಿಲ್ಲ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿತ್ತು. ಬಲ್ಬು ಮುದಿ. ಆದರೆ ಬಲ್ಬು ಹೊಸದು. ಇಲ್ಲಿಗೆ ಬಂದು ನನ್ನ ತಲೆ ಬಂಡೆಗೆ ಹಾಯ್ದ ದೋಣಿಯ ಹಾಗೆ ನಿಲ್ಲುತ್ತಿತ್ತು.

ಅದಲು ಬದಲು ಮಾಡಿ ನೋಡುವುದೊಂದೇ ಉಳಿದಿತ್ತು. ಐಸಿನ ತೊಟ್ಟಿಯ ಮೇಲಿನ ಏಳನೇ ದೀಪ ಒಂದು ದಿನವೂ ತಕರಾರು ಮಾಡಿದ್ದಲ್ಲ. ಕೆಳಗಿನ ಮೀನನ್ನೆಲ್ಲ ಪಕ್ಕಕ್ಕೆ ಸರಿಸಿ ಐಸಿಗೆ ಹೊದಿಕೆ ಹಾಕಿಸಿದೆ. ನಾಲ್ಕು, ಏಳು ಎರಡನ್ನೂ ಆರಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆ. ಆ ಬಲ್ಬನ್ನು ಇಲ್ಲಿಗೆ, ಈ ಬಲ್ಬನ್ನು ಅಲ್ಲಿಗೆ ಹಾಕಿದೆ. ಮುಚ್ಚಳಗಳನ್ನು ಬಿಗಿದು ಎರಡನ್ನೂ ಹತ್ತಿಸಿದೆ. ಗಡಿಯಾರ ನೋಡುತ್ತ ಕೂತೆ.

ಇಪ್ಪತ್ತಮೂರನೇ ನಿಮಿಷಕ್ಕೆ ಐಸಿನ ತೊಟ್ಟಿಯ ಮೇಲೆ ಕತ್ತಲಾಯಿತು. ಹತ್ತು ದಿನದಲ್ಲಿ ಮೊದಲ ಸಲ ನಾಲ್ಕನೆಯದು ಉರಿಯುತ್ತಲೇ ಇತ್ತು. ಅರ್ಧ ಗಂಟೆ. ಮುಕ್ಕಾಲು ಗಂಟೆ. ರೋಗ ಬಲ್ಬಿನ ಜೊತೆಯಲ್ಲೇ ನಡೆದುಕೊಂಡು ಹೋಗಿತ್ತು.

ಅಷ್ಟರಲ್ಲಿ ಲಿತಿಯಾನಾ ಕೆಲಸಕ್ಕೆ ಕೂತಿದ್ದಳು. ಕಡ್ಡಿ ಚುಚ್ಚಿ ಎಳೆ ತೆಗೆದು ಅಂಗೈಮೇಲೆ ಇಟ್ಟುಕೊಂಡು ನೋಡಿ, ತಲೆ ಎತ್ತಿ ದೀಪವನ್ನು ನೋಡಿ, ಮತ್ತೆ ಎಳೆ ನೋಡಿದಳು.

"ಇದು ಬೇರೆ ದೀಪ," ಅಂದಳು. "ಮೀನು ಈಗ ಮೀನಿನ ಹಾಗಿದೆ."

ಮತ್ತೆ ಐಸಿನ ಕಡೆ ಕೈ ತೋರಿಸಿದಳು. ಅಲ್ಲಿ ಏಳನೆಯದು ತಣ್ಣಗಾಗಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಬಿಳಿ ಐಸಿನ ಮೇಲೆ ಬೆಳಕು ಬಿದ್ದಾಗ ನನಗೂ ಕಂಡಿತು. ತೆಳು ಹಸಿರು, ಪಾಚಿ ನೀರೇ. ಪಕ್ಕದ ದೀಪದ ಬೆಳಕು ಬಿದ್ದ ಐಸು ಹಾಲಿನ ಹಾಗಿತ್ತು. ಕೆಂಪು ಮಾಂಸದ ಮೇಲೆ ಹತ್ತು ದಿನ ನನಗೆ ಕಾಣದ್ದು ಐಸಿನ ಮೇಲೆ ಒಂದು ಗಳಿಗೆಯಲ್ಲಿ ಕಂಡಿತು. ಉಪ್ಪು ಕಳಕೊಂಡ ಬಲ್ಬು ಕೆಂಪನ್ನೂ ಕಳಕೊಳ್ಳುತ್ತದೆ. ವೋಲ್ಟು ಏರುವುದೂ ಬಣ್ಣ ಕೆಡುವುದೂ ಒಂದೇ ರೋಗದ ಎರಡು ಮುಖ. ನನ್ನ ಮೀಟರಿಗಿಂತ ಎರಡು ತಿಂಗಳು ಮುಂಚೆ ಅವಳ ಕಣ್ಣಿಗೆ ಅದು ಸಿಕ್ಕಿತ್ತು.

"ಅಕ್ಕ, ನೀನು ಹೇಳಿದ್ದು ಸರಿ. ಅದು ಹೊಸ ಬಲ್ಬಲ್ಲ," ಅಂದೆ.

"ಮತ್ತೆ ಹೊಸದು ಹಳೇದರ ಬಣ್ಣ ಹೊತ್ಕೊಂಡು ಅಂಗಡಿಯಿಂದ ಬರುತ್ತಾ?"

ಅಂಗಡಿಯಿಂದ ಬರುವುದಿಲ್ಲ. ಅಷ್ಟು ಹೊತ್ತಿಗೆ ನನಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗಿಹೋಯಿತು. ಸಾಮಾನಿನ ಕೋಣೆಗೆ ಓಡಿದೆ.

ಮೀನಿನ ಶೆಡ್ಡಲ್ಲಿ ಗಾಜಿಗಿಂತ ದೊಡ್ಡ ದೆವ್ವ ಇಲ್ಲ. ಒಂದು ಬಲ್ಬು ಒಡೆದರೆ ಅದರ ಸುತ್ತಲಿನ ಮೀನೆಲ್ಲ ತಿಪ್ಪೆಗೆ. ಅದಕ್ಕೆ ನಾನೇ ಒಂದು ಪದ್ಧತಿ ಮಾಡಿದ್ದೆ, ಮಾಮನಿಂದ ಶಹಬ್ಬಾಸ್ ಕೂಡ ಅನ್ನಿಸಿಕೊಂಡಿದ್ದೆ. ಬೆತ್ತಲೆ ಬಲ್ಬು ನೆಲ ದಾಟುವ ಹಾಗಿಲ್ಲ. ಹೊಸದು ಡಬ್ಬದಲ್ಲೇ ಮೇಲೆ ಹೋಗಬೇಕು, ಹಳೆಯದು ಅದೇ ಡಬ್ಬದಲ್ಲೇ, ಅದೇ ಸ್ಪಂಜಿನಲ್ಲಿ ಕೂತು, ಟೇಪು ಹಾಕಿಸಿಕೊಂಡು ಕೆಳಗೆ ಬರಬೇಕು. ಹೋದ ನವೆಂಬರಿನಲ್ಲಿ ಒಂದು, ಎರಡು, ಮೂರನೇ ದೀಪಗಳಿಗೆ ಹೊಸ ಬಲ್ಬು ಹಾಕಿ, ಮುದಿಯಾದ ಮೂರನ್ನೂ ಹಾಗೇ ಡಬ್ಬದಲ್ಲಿ ಇಳಿಸಿದ್ದೆ. ಒಳಗೆ ಪಾದರಸ ಇರುವ ಸಾಮಾನು, ಕಸಕ್ಕೆ ಎಸೆಯುವ ಹಾಗಿಲ್ಲ, ಒಯ್ಯುವ ಲಾರಿ ಬರುತ್ತದೆ ಅಂತ ಶೆಲ್ಫಿನ ತುದಿಯಲ್ಲಿ ಇಟ್ಟಿದ್ದೆ. ಲಾರಿ ಬರಲಿಲ್ಲ. ಉಪ್ಪು ಗಾಳಿಗೆ ಎಲ್ಲ ಡಬ್ಬದ ಟೇಪೂ ಬಿಟ್ಟುಕೊಂಡಾಗ, ಹೊಸದು ಹಳೆಯದು ನೋಡದೆ ಎಲ್ಲಕ್ಕೂ ಕಂದು ಟೇಪು ಸುತ್ತಿ ಸಾಲಾಗಿ ಜೋಡಿಸಿಟ್ಟವನೂ ನಾನೇ. ಅಂದವಾಗಿ. ಚೀಟಿ ಹೊರಗೆ ಕಾಣುವ ಹಾಗೆ.

ಐದು ಡಬ್ಬ ಇದ್ದವು. ಒಂದೊಂದೇ ಬಿಚ್ಚಿದೆ. ಬಲ್ಬಿನ ಗಾಜಿಗೆ ಒಳಗೆಲ್ಲ ಬಿಳಿ ಪುಡಿ ಹಚ್ಚಿದೆ, ಒಳಗಿನ ಕೊಳವೆ ಕಪ್ಪಾಗಿದೆಯೋ ಇಲ್ಲವೋ ಕಾಣುವುದಿಲ್ಲ. ತಲೆಗೆ ದೀಪ ಕಟ್ಟಿಕೊಂಡು, ದಪ್ಪ ಕೈಗವಸಿನಲ್ಲಿ, ಆರು ಮೀಟರ್ ಮೇಲೆ ಡಬ್ಬದಿಂದ ತೆಗೆದು ನೇರ ಹೋಲ್ಡರಿಗೆ ತಿರುಗಿಸಿದವನಿಗೆ ಏನು ಕಾಣಬೇಕು. ಈಗ ಕೋಣೆಯ ಬೆಳಕಿನಲ್ಲಿ ತಿರುಪಿನ ತುದಿ ನೋಡಿದೆ. ಮೂರು ಬಲ್ಬುಗಳ ತುದಿಯ ಸೀಸದ ಬೊಟ್ಟಿನಲ್ಲಿ ಗುಳಿ ಬಿದ್ದಿತ್ತು, ಹೋಲ್ಡರಿನ ನಾಲಿಗೆ ಒತ್ತಿ ಸುಟ್ಟ ಗುಳಿ. ತಿರುಪಿನ ಸುತ್ತಿನ ಮೇಲೆಲ್ಲ ಗೀರು. ಇನ್ನೆರಡರ ಬೊಟ್ಟು ಹೊಸ ಗುಂಡಿಯ ಹಾಗೆ ಹೊಳೆಯುತ್ತಿತ್ತು. ಮೂರು ಮುದಿ, ಎರಡು ಹೊಸದು. ನಾನು ಎರಡು ಸಲವೂ ಕೈ ಹಾಕಿದ್ದು ಈ ತುದಿಯಿಂದ, ಮುದಿಗಳ ಕಡೆಯಿಂದ. ಇಳಿಸಿದ್ದನ್ನು ಮತ್ತೆ ಅದೇ ಡಬ್ಬಕ್ಕೆ ಹಾಕಿ ಅದೇ ಸಾಲಿಗೆ ಇಟ್ಟಿದ್ದೆ.

ಗೋಡೆಗೆ ಗುದ್ದಬೇಕು ಅನ್ನಿಸಿತು. ಯಾರ ಮೇಲೆ ಕೋಪ ಮಾಡಿಕೊಳ್ಳಲಿ ಅಂತ ಸುತ್ತ ನೋಡಿದೆ. ನಾನೊಬ್ಬನೇ ಇದ್ದೆ. ವಿಚಿತ್ರ ಏನೆಂದರೆ ಕೋಪ ಬರಲಿಲ್ಲ. ನಗು ಬಂತು. ಬಾಗಿಲಲ್ಲಿ ಆಪಿಸಾಯಿ ಬಂದು ನಿಂತಿದ್ದವನು, ರೊಕೆಟೆ ನಗ್ತಾ ಇದ್ದಾನೆ, ಯಾರಾದರೂ ಪಾದ್ರಿಯನ್ನು ಕರೀರಿ ಅಂದ.

ಆ ಸಂಜೆಯೇ ನಾಲ್ಕಕ್ಕೆ ನಿಜವಾದ ಹೊಸ ಬಲ್ಬು ಹಾಕಿ, ಏಳರ ಬಲ್ಬನ್ನು ಏಳಕ್ಕೇ ವಾಪಸ್ ಕೊಟ್ಟೆ. ಆರಿ ಹತ್ತುತ್ತಿದ್ದ ಮುದಿಯನ್ನು ಇನ್ನೊಂದು ದಿನವೂ ಮೀನಿನ ಮೇಲೆ ತೂಗಬಿಡುವ ಹಾಗಿರಲಿಲ್ಲ. ಅಂಥ ಬಲ್ಬುಗಳು ಕಡೆಗಾಲದಲ್ಲಿ ಸಿಡಿಯುವುದೂ ಉಂಟು. ನಾಲ್ಕು ಮುದಿಗಳ ಡಬ್ಬಕ್ಕೂ ಕಪ್ಪು ಬಣ್ಣದಲ್ಲಿ ಕೈಯಗಲದ ಅಡ್ಡಗೆರೆ ಎಳೆದು, ಸಾಮಾನಿನ ಕೋಣೆಯಿಂದಲೇ ಹೊರಗೆ, ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟು ಬೀಗ ಹಾಕಿದೆ.

ಆಮೇಲೆ ಮಾಮನ ಆಫೀಸಿಗೆ ಹೋದೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಕಿತ್ತ ಚೋಕೂ ಇಗ್ನೈಟರೂ ಚೆನ್ನಾಗಿವೆ, ತಪ್ಪು ನನ್ನದು, ಅವಳ ಕಣ್ಣು ಚೆನ್ನಾಗಿದೆ, ಕೆಟ್ಟದ್ದು ಅವಳ ತಲೆ ಮೇಲಿನ ಬೆಳಕು ಅಂದೆ. ಮಾಮ ಕನ್ನಡಕ ತೆಗೆದು ಒರೆಸಿದರು. ನೀನು ಹೇಳೋದನ್ನ ನಂಬಲಿ ಹೇಗೆ, ನಿನ್ನೆವರೆಗೂ ಹೊಸ ಬಲ್ಬು ಅಂತ ಆಣೆ ಹಾಕ್ತಾ ಇದ್ದೆ ಅಂದರು. ಅದೂ ನ್ಯಾಯವೇ. ನಂಬಬೇಡಿ, ನಾಳೆ ಮೀನನ್ನೇ ಕೇಳಿ ಅಂದೆ.

ತಣ್ಣನೆ ಕೋಣೆಯಲ್ಲಿ ಬುಧವಾರದ ಮೀನೊಂದು ಇತ್ತು, ಅರವತ್ತು ಕಿಲೋದ್ದು. ಲಿತಿಯಾನಾ ಅದಕ್ಕೆ ದೀಪದಡಿ ಬಿ ಕಟ್ಟಿ, ಬಾಗಿಲಿಗೆ ಹೋಗಿ ನೋಡಿ ಬಂದು ಅದನ್ನು ಕಿತ್ತು ಎ ಕಟ್ಟಿದ್ದಳು. ನಿನ್ನ ಮನಸ್ಸು ನಿನಗೇ ಗೊತ್ತಿಲ್ಲ ಅಂತ ಮಾಮ ಅವಳ ಚೀಟಿ ಕಿತ್ತು ಮತ್ತೆ ಬಿ ಕಟ್ಟಿ, ಯಾವ ಪೆಟ್ಟಿಗೆಗೂ ಹಾಕಿಸದೆ ತಡೆದಿದ್ದರು. ಅವಳನ್ನು ಆಫೀಸಿಗೆ ಕರೆದದ್ದು ಆ ಮೀನಿನ ವಿಷಯಕ್ಕೇ.

ಶುಕ್ರವಾರ ಬೆಳಿಗ್ಗೆ ದೋಣಿ ಕಟ್ಟೆಗೆ ಬರುವ ಮುಂಚೆ ಮಾಮ ತಾವೇ ಆ ಮೀನನ್ನು ಮೇಜಿಗೆ ತರಿಸಿದರು. ಬಾಲದ ಹತ್ತಿರ ಹೊಸದಾಗಿ ಒಂದು ಹೋಳು ಕೊಯ್ಯಲು ಹೇಳಿದರು. ಲಿತಿಯಾನಾ ಕೊಯ್ದು, ಚಾಕುವಿನ ತುದಿಯಲ್ಲಿ ಬಿಡಿಸಿ ತೋರಿಸಿದಳು. ನಾಲ್ಕನೇ ದೀಪದಡಿ ಅದು ಕೊಯ್ದ ಕಲ್ಲಂಗಡಿಯ ಹಾಗಿತ್ತು, ಒಳಗಿಂದ ಹೊಳಪು. ಎರಡು ದಿನ ಐಸಿನಲ್ಲಿ ಕಳೆದೂ ಅಷ್ಟು. ಮೀನಿನ ವಿದ್ಯೆ ನನಗೆ ಗೊತ್ತಿಲ್ಲ, ನನಗೂ ಅದು ಎ.

ಮಾಮ ತುಂಬ ಹೊತ್ತು ಬಗ್ಗಿ ನೋಡಿದರು. ಆಮೇಲೆ ತಾವು ಕಟ್ಟಿದ್ದ ಬಿ ಚೀಟಿಯನ್ನು ತಾವೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ತಪ್ಪಾಯಿತು ಅನ್ನುವ ಮಾತು ಆ ಮನುಷ್ಯನ ಬಾಯಲ್ಲಿ ಹುಟ್ಟಿಲ್ಲ.

"ಲಿತಿಯಾನಾ, ಸ್ಟೂಲಿನ ಎತ್ತರ ಸರಿ ಇದೆಯಾ?" ಅಂದರು.

"ಇಪ್ಪತ್ತಾರು ವರ್ಷದಿಂದ ಸರಿ ಇದೆ ಸ್ವಾಮಿ," ಅಂದಳು ಅವಳು.

ಮಾಮ ಆಫೀಸಿಗೆ ಹೋಗಿ ಲಾಮಿಗೆ ಫೋನು ಮಾಡಿದರು. ಗಾಜಿನ ಬಾಗಿಲು, ಮಾತು ಕೇಳಲಿಲ್ಲ. ಬೇಡ ಅಂತ ಕೈ ಅಲ್ಲಾಡಿಸಿದ್ದು ಕಂಡಿತು.

ಒಂಬತ್ತಕ್ಕೆ ದೋಣಿ ಬಂತು. ನೂರಾ ಹತ್ತು ಮೀನು. ದೋಣಿಯ ಯಜಮಾನ ಕೈ ಕಟ್ಟಿಕೊಂಡು ಮೇಜಿನ ಪಕ್ಕದಲ್ಲೇ ನಿಂತ, ಜಗಳಕ್ಕೆ ತಯಾರಾಗಿ. ಮೊದಲ ಹತ್ತು ಮೀನು ಆಗುವಷ್ಟರಲ್ಲಿ ಅವನ ಕೈ ಬಿಚ್ಚಿಕೊಂಡಿತು. ಇಪ್ಪತ್ತಕ್ಕೆ ಅವನು ದೋಣಿಗೆ ಹೋಗಿ ಚಹಾ ಕುಡಿಯುತ್ತ ಕೂತ. ಎಲ್ಲವೂ ಎ ಆಗಲಿಲ್ಲ. ಅವಳು ಮೂರಕ್ಕೆ ಸಿ ಕಟ್ಟಿದಳು. ಅವನು ಬಂದು ನೋಡಿ, ತಲೆಯಾಡಿಸಿ ಹೋದ.

ನಾನು ಬೇಕೆಂದೇ ಆ ಕಡೆ ಕೆಲಸ ಇಟ್ಟುಕೊಂಡಿದ್ದೆ, ಐದನೇ ದೀಪದ ಮುಚ್ಚಳದ ರಬ್ಬರು ನೋಡುವ ನೆಪ. ಮಧ್ಯಾಹ್ನ ಒಂದರವರೆಗೆ ನಾಲ್ಕನೆಯದು ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ. ಅವಳು ಒಂದು ಸಲವೂ ಬಾಗಿಲಿಗೆ ಹೋಗಲಿಲ್ಲ. ಈ ಸಲ ಎಣಿಸಿದೆ, ಎಣಿಸಲು ಏನೂ ಇರಲಿಲ್ಲ.

ಊಟಕ್ಕೆ ಕಟ್ಟೆಯ ಮೇಲೆ ಕೂತಾಗ ಅವಳಿಗೆ ನಿನ್ನೆಯ ಮಾತಿಗೆ ಕ್ಷಮೆ ಕೇಳಿದೆ. ನನಗೆ ಅಭ್ಯಾಸವಿಲ್ಲದ ಕೆಲಸ, ಅರ್ಧದಲ್ಲೇ ತೊದಲಿದೆ. ಅವಳು ತನ್ನ ಡಬ್ಬಿಯ ಮುಚ್ಚಳದ ಮೇಲೆ ಎರಡು ತುಂಡು ಬೇಯಿಸಿದ ಮರಗೆಣಸು, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು ಹಾಕಿ ನನ್ನ ಕಡೆ ತಳ್ಳಿದಳು.

"ತಿನ್ನು. ಕಣ್ಣಿನ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗೋಣ. ಟೇಪು ಸುತ್ತೋವಾಗ ನಿನಗೂ ಕಾಣಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಕೈ ಬಂದು ಡಬ್ಬಿಯಲ್ಲಿ ಉಳಿದ ಗೆಣಸನ್ನೆಲ್ಲ ಎತ್ತಿಕೊಂಡು ಹೋಯಿತು. ಲಿತಿಯಾನಾ ತಿರುಗಿಯೂ ನೋಡದೆ, ಅವನ ಅಪ್ಪನಿಂದ ಶುರುಮಾಡಿ ಅವನ ದ್ವೀಪದ ಕೊನೆಯ ಏಡಿಯವರೆಗೂ ಬೈದಳು. ಆಪಿಸಾಯಿ ಪೊರಕೆಯ ಕೋಲಿನ ಒಂದು ತುದಿಯನ್ನು ಅವಳ ಬೆನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿಕೊಂಡು, ಬಾಯಿ ತುಂಬ ಗೆಣಸಿಟ್ಟುಕೊಂಡೇ, ಚೆನ್ನಾಗೇ ಚಿಟಿಗುಟ್ತಾ ಇದೆ ಅಂದ.